ಅಂಕಿತವಿಲ್ಲದ ಪರಿಚಯ

ನಮ್ಮ ಬಡಾವಣೆಯ ಭಜನಾ ಮಂಡಳಿಯವರು ಯೂಟ್ಯೂಬ್ ಚಾನೆಲ್ ತೆರೆಯಲು ಹೊರಟಾಗ, ಅದರ ಪರಿಚಯ ತಿದ್ದಿಕೊಡಲು ನನ್ನನ್ನು ಕರೆದರು. ಅವರು ಬರೆದದ್ದು ಹೀಗಿತ್ತು: ‘ಸರ್ವರಿಗೂ ಶಾಂತಿ, ಜ್ಞಾನ, ಭಕ್ತಿಯ ಬೆಳಕು ಹಂಚುವ ಆಧ್ಯಾತ್ಮಿಕ ತಾಣ.’

‘ಇದನ್ನು ಯಾವ ಮಠದವರಾದರೂ ಹಾಕಿಕೊಳ್ಳಬಹುದಲ್ಲ, ಅಕ್ಕ? ನೀವು ಹಾಡುವುದು ಯಾರ ಹಾಡು?’ ಎಂದೆ.

‘ದಾಸರದು. ಹರಪನಹಳ್ಳಿ ಭೀಮವ್ವನವರದೇ ಹೆಚ್ಚು’ ಎಂದರು ಹಿರಿಯರು.

ಬರೆಯಬೇಕಾದದ್ದು ಅದನ್ನೇ. ದಾಸರ ಹಾಡಿನ ಕೊನೆಯಲ್ಲಿ ಅಂಕಿತ ಬರುತ್ತದೆ. ‘ವಿಜಯವಿಠಲ’ ಎಂದರೆ ವಿಜಯದಾಸರು, ‘ಭೀಮೇಶಕೃಷ್ಣ’ ಎಂದರೆ ಭೀಮವ್ವ. ಯಾರ ಹಾಡು, ಯಾವ ಪರಂಪರೆ ಎಂಬುದು ಆ ಒಂದು ಪದದಲ್ಲೇ ತಿಳಿಯುತ್ತದೆ. ಚಾನೆಲ್‌ನ ಪರಿಚಯವೂ ಆ ಕೆಲಸ ಮಾಡಬೇಕು. ಪುಟ ತೆರೆದವರಿಗೆ ಮೊದಲ ಸಾಲಷ್ಟೇ ಕಾಣುತ್ತದೆ, ಉಳಿದದ್ದು ಒತ್ತಿದ ಮೇಲೆ. ಹಾಗಾಗಿ ಮೊದಲ ಸಾಲು ಹೀಗಾಯಿತು: ‘ಹರಿದಾಸರ ಹಾಡುಗಳು, ಅಂಕಿತ ಮತ್ತು ಅರ್ಥದೊಂದಿಗೆ.’

ಒತ್ತಿದ ಮೇಲೆ ಕಾಣುವ ಭಾಗವನ್ನು ಹೀಗೆ ಬರೆದೆವು: ‘ನಾವು ಮಾಧ್ವ ಪರಂಪರೆಯ ದಾಸರ ಪದಗಳನ್ನು ಹಾಡುವ ಮಹಿಳಾ ಭಜನಾ ಮಂಡಳಿ. ಪುರಂದರದಾಸರಿಂದ ಹರಪನಹಳ್ಳಿ ಭೀಮವ್ವನವರೆಗಿನ ಹಾಡುಗಳನ್ನು, ಹಿರಿಯರಿಂದ ಕೇಳಿ ಕಲಿತ ಧಾಟಿಯಲ್ಲಿ ಹಾಡಿ, ಅರ್ಥ ಹೇಳುತ್ತೇವೆ. ಪಾಠಾಂತರವಿದ್ದರೆ ತಿಳಿಸುತ್ತೇವೆ. ನಾವು ಯಾವ ಮಠದ ಅಧಿಕೃತ ಚಾನೆಲೂ ಅಲ್ಲ. ಜಾತಕ, ಪರಿಹಾರ ಹೇಳುವುದಿಲ್ಲ, ದೇಣಿಗೆ ಕೇಳುವುದಿಲ್ಲ.’

ಕೊನೆಯ ಎರಡು ವಾಕ್ಯ ಬೇಡವೆಂದವರಿದ್ದರು. ಆದರೆ ಗುರುಗಳ ಚಿತ್ರ ಕಂಡ ಕೂಡಲೇ ಮಠದ್ದೇ ಚಾನೆಲ್ ಎಂದು ನಂಬುವವರು, ಕಷ್ಟ ಹೇಳಿಕೊಂಡು ಪರಿಹಾರ ಕೇಳುವವರು ಬಂದೇ ಬರುತ್ತಾರೆ. ಇಲ್ಲದ್ದನ್ನು ಇಲ್ಲವೆಂದು ಮೊದಲೇ ಹೇಳಿಬಿಡುವುದು ಲೇಸು.

ಇಡೀ ಪರಿಚಯಕ್ಕೆ 1000 ಅಕ್ಷರಗಳ ಮಿತಿಯಿದೆ. ಕನ್ನಡದಲ್ಲಿ ಅದು ಬೇಗ ತುಂಬುತ್ತದೆ. ನಮಗೆ ‘ಶ್ರೀ’ ಒಂದೇ ಅಕ್ಷರ. ಯಂತ್ರದ ಲೆಕ್ಕದಲ್ಲಿ ಶ, ಹಲಂತ ಚಿಹ್ನೆ, ರ, ಈಕಾರದ ಚಿಹ್ನೆ ಸೇರಿ ನಾಲ್ಕು. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ್ದನ್ನು ಹಾಗೇ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗುತ್ತವೆ. ಯೂನಿಕೋಡ್‌ಗೆ ಬದಲಿಸಿಯೇ ಹಾಕಬೇಕು.

ಬ್ಯಾನರ್ ವಿಷಯದಲ್ಲಿ ಎಡವಿದೆವು. 2048×1152 ಪಿಕ್ಸೆಲ್ ಚಿತ್ರದಲ್ಲಿ ಎಲ್ಲ ಪರದೆಗಳಲ್ಲೂ ಉಳಿಯುವುದು ನಡುವಿನ 1235×338 ಮಾತ್ರ. ನಾವು ಅಂಚಿಗಿಟ್ಟ ‘ಪ್ರತಿ ಗುರುವಾರ ಹೊಸ ಹಾಡು’ ಮೊಬೈಲಿನಲ್ಲಿ ಕತ್ತರಿಸಿಹೋಯಿತು. ಒಂದು ಗುರುವಾರ ತಪ್ಪಿದರೂ ಆ ಮಾತು ಸುಳ್ಳಾಗುವುದರಿಂದ ತೆಗೆದೇಬಿಟ್ಟೆವು. ಈಗ ನಡುವೆ ಮಂಡಳಿಯ ಹೆಸರು, ಕೆಳಗೆ ‘ಹಾಡು, ಅಂಕಿತ, ಅರ್ಥ’ ಇದೆ. ಸಾಲುಗಳ ನಡುವೆ ಹೆಚ್ಚು ಜಾಗ ಬಿಟ್ಟಿದ್ದೇವೆ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನದಕ್ಕೆ ತಾಗುತ್ತದೆ.

ನಿಮ್ಮ ಚಾನೆಲ್‌ನ ಪರಿಚಯ ಬರೆದಾದ ಮೇಲೆ ಹೆಸರು ಮುಚ್ಚಿ ಒಮ್ಮೆ ಓದಿ. ಬೇರೆ ಯಾರ ಚಾನೆಲ್‌ಗಾದರೂ ಅದು ಒಪ್ಪುವಂತಿದ್ದರೆ, ಅಂಕಿತ ಇನ್ನೂ ಬಿದ್ದಿಲ್ಲವೆಂದೇ ಲೆಕ್ಕ.