ತಿಳಿದುಕೊಂಡದ್ದು ಯಾರು? ಅಮ್ಮನ ಒಂದು ಪ್ರಶ್ನೆ, ನಾಲ್ಕು ಕ್ರಿಯಾಪದ

ಅಮ್ಮ ಪ್ರತಿ ಶನಿವಾರ ಹನುಮಾನ್ ಚಾಲೀಸಾ ಹೇಳ್ತಾಳೆ. ಕನ್ನಡ ಲಿಪಿಯ ಪುಟ್ಟ ಪುಸ್ತಕ, ಅಂಚೆಲ್ಲಾ ಅರಿಶಿನ ಕುಂಕುಮದ ಕಲೆ. ಹೋದ ವರ್ಷ ಆಪರೇಷನ್ ಆದ ಮೇಲೆ ಅವಳಿಗೆ ಮರೆವು ಜಾಸ್ತಿಯಾಯಿತು. ಗ್ಯಾಸ್ ಆರಿಸಿದೆನಾ ಅಂತ ಮೂರು ಸಲ ಎದ್ದು ನೋಡುತ್ತಾಳೆ. ಇಂಥ ದಿನಗಳಲ್ಲೇ ಅವಳ ಭಜನೆ ಗುಂಪಿನವರು ಚಾಲೀಸಾದ ಅರ್ಥವನ್ನು ಕನ್ನಡದಲ್ಲಿ ಟೈಪ್ ಮಾಡಿ ಕೊಡು ಅಂತ ನನ್ನನ್ನು ಕೇಳಿದರು. ಆಫೀಸಿನಲ್ಲಿ ಹಿಂದಿ ಮಾತಾಡುತ್ತೇನಲ್ಲ, ಒಂದು ಭಾನುವಾರದ ಕೆಲಸ ಅಂದುಕೊಂಡೆ.

ಚಾಲೀಸಾ ಶುರುವಾಗುವುದು ಎರಡು ದೋಹೆಗಳಿಂದ. ಎರಡನೆಯದಕ್ಕೆ ನಾನು ಬರೆದ ಅರ್ಥ ಹೀಗಿತ್ತು: 'ಹನುಮಂತನೇ, ನಾನು ಬುದ್ಧಿಹೀನ ಎಂದು ತಿಳಿದು ನನಗೆ ಬಲ, ಬುದ್ಧಿ, ವಿದ್ಯೆ ಕೊಡು.' ಅಮ್ಮ ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದಳು.

"ಇಲ್ಲಿ ತಿಳ್ಕೊಂಡಿದ್ದು ಯಾರೇ? ಅವನಾ, ನಾನಾ?"

"ಯಾರಾದ್ರೇನಮ್ಮ?"

"ಹಾಗಲ್ಲ ಕಣೇ. ನಿನಗೆ ಬುದ್ಧಿ ಇಲ್ಲ ಅಂತ ಇನ್ನೊಬ್ಬರು ಹೇಳೋದು ಬೇರೆ, ನಾನೇ ಹೇಳ್ಕೊಳ್ಳೋದು ಬೇರೆ."

ಆ ವರ್ಷ ಮನೆಯಲ್ಲಿ ಎಲ್ಲರೂ ಅವಳಿಗೆ "ಮರೆತುಬಿಟ್ಯಾ?" ಅನ್ನುತ್ತಿದ್ದೆವು. ನನಗೆ ಉತ್ತರ ಹೊಳೆಯಲಿಲ್ಲ. ಆ ರಾತ್ರಿ ದೋಹೆಯನ್ನು ಬಿಚ್ಚಿ ಕೂತೆ.

ಹಿಂದಿಯಲ್ಲ, ಅವಧಿ

ನನ್ನ ಮೊದಲ ತಪ್ಪು ಇದನ್ನು ಹಿಂದಿ ಅಂತ ಓದಿದ್ದು. ಚಾಲೀಸಾದ ಭಾಷೆ ಅವಧಿ, ಅಯೋಧ್ಯೆ, ಸುಲ್ತಾನಪುರ, ರಾಯ್‌ಬರೇಲಿ ಕಡೆಯದು. ತುಳಸೀದಾಸರ ರಾಮಚರಿತಮಾನಸದ ಭಾಷೆಯೂ ಅದೇ. ಪದಗಳು ಹಿಂದಿಯಂತೆ ಕಂಡರೂ ಕ್ರಿಯಾಪದದ ಬಾಲ ಬೇರೆ. ಅದರ ಮೇಲೆ ದೋಹೆಯ ಸಾಲಿಗೆ 13 ಮತ್ತು 11, ಒಟ್ಟು 24 ಮಾತ್ರೆಯಷ್ಟೇ ಜಾಗ. ಹಾಗಾಗಿ 'ನಾನು', 'ನೀನು', 'ಅನ್ನು' ಎಲ್ಲ ಬಿಟ್ಟುಹೋಗಿರುತ್ತವೆ. ಯಾರು ಯಾರಿಗೆ ಹೇಳುತ್ತಿದ್ದಾರೆ ಅಂತ ತಿಳಿಯಬೇಕಾದರೆ ಆ ಬಾಲವನ್ನೇ ನೋಡಬೇಕು.

ಈ ದೋಹೆಯಲ್ಲಿ ಕ್ರಿಯೆಯ ರೂಪಗಳು ನಾಲ್ಕು: ಜಾನಿಕೇ, ಸುಮಿರೌಂ, ದೇಹು, ಹರಹು. ಕನ್ನಡದ ಕಿವಿಗೆ ಇಲ್ಲೇ ಮೋಸವಾಗುತ್ತದೆ. 'ದೇಹು' ನನಗೆ ದೇಹದಂತೆ ಕೇಳಿಸಿತ್ತು. 'ಹರಹು' ಅಂದರೆ ನಮ್ಮಲ್ಲಿ ವಿಸ್ತಾರ. ಪಕ್ಕದಲ್ಲಿರುವ 'ಮೋಹಿ' ಮೋಹಗೊಂಡವನಲ್ಲ, ಬರೀ 'ನನಗೆ'.

ಮೂಗಿನಲ್ಲಿ ಅಡಗಿದ 'ನಾನು'

ಮೊದಲು ಸುಮಿರೌಂ ನೋಡೋಣ. ಸುಮಿರ್ ಅಂದರೆ ಸ್ಮರಿಸು. ಕೊನೆಯ 'ಔಂ' ಮೂಗಿನಿಂದ ಬರುವ ಸ್ವರ. ಅವಧಿಯಲ್ಲಿ ಅದು 'ನಾನು' ಎಂಬುದರ ಗುರುತು. ಹಾಗಾಗಿ ಅರ್ಥ 'ನೆನೆಯುತ್ತೇನೆ'. ಅಮ್ಮನ ಪುಸ್ತಕದಲ್ಲಿ ಆ ಸೊನ್ನೆಯೇ ಇಲ್ಲ, 'ಸುಮಿರೌ' ಅಂತ ಅಚ್ಚಾಗಿದೆ. ಸೊನ್ನೆ ಹೋದರೆ ರೂಪ 'ನೀನು ನೆನೆ' ಅನ್ನುವ ಕಡೆಗೆ ವಾಲುತ್ತದೆ. ಮುಂದೆಯೇ ಹನುಮಂತನ ಹೆಸರು ವಿಭಕ್ತಿಯಿಲ್ಲದೆ ನಿಂತಿದೆ. ಅದನ್ನು ಸಂಬೋಧನೆ ಅಂದುಕೊಂಡರೆ ನೆನೆಯುವವನು ಅವನೇ ಆಗಿಬಿಡುತ್ತಾನೆ! ನಾನು ಗೊಂದಲದಲ್ಲಿ ಆ ಕ್ರಿಯಾಪದವನ್ನೇ ಹಾರಿಸಿಬಿಟ್ಟಿದ್ದೆ.

ಲಖನೌ ಕಡೆಯ ಸಹೋದ್ಯೋಗಿಯೊಬ್ಬಳನ್ನು ಕೇಳಿದೆ. ಹಿಂದಿಯ 'ಕರೂಂ' ಥರ ಅಲ್ವಾ, 'ನೆನೆಯಲೇ' ಅಂತ ಇರಬೇಕು ಅಂದಳು. ಇಂದಿನ ಹಿಂದಿಯಲ್ಲಿ ಆ ರೂಪ 'ಮಾಡಲೇ, ಮಾಡಲಿ' ಎಂಬ ಅರ್ಥಕ್ಕೆ ಸರಿದಿದೆ, ನಿಜ. ಹಳೆಯ ಅವಧಿಯಲ್ಲಿ ಅದು ನೇರ ವರ್ತಮಾನ. ಇಲ್ಲಿ ಭಕ್ತ ಅನುಮತಿ ಕೇಳುತ್ತಿಲ್ಲ, ನೆನೆಯುತ್ತಲೇ ಇದ್ದಾನೆ.

ತಿಳಿದುಕೊಂಡದ್ದು ಯಾರು?

ಈಗ ಅಮ್ಮನ ಪ್ರಶ್ನೆ. ಜಾನಿಕೇ ಅಂದರೆ 'ತಿಳಿದು'. ಮುಗಿಯದ ಕ್ರಿಯೆ ಅದು, ಮುಂದಿನ ಕ್ರಿಯಾಪದಕ್ಕೆ ಒರಗಿ ನಿಲ್ಲುತ್ತದೆ. ನಮ್ಮಲ್ಲೂ ಹಾಗೇ ಅಲ್ವಾ? 'ಊಟ ಮಾಡಿ ಹೊರಟೆ' ಅಂದರೆ ಊಟ ಮಾಡಿದವಳೂ ಹೊರಟವಳೂ ಒಬ್ಬಳೇ. ಜಾನಿಕೇ ಒರಗಿರುವುದು ತನಗೆ ಅತಿ ಹತ್ತಿರದ ಪೂರ್ಣ ಕ್ರಿಯಾಪದಕ್ಕೆ, ಅಂದರೆ ಸುಮಿರೌಂಗೆ. ನೆನೆಯುವವಳು ನಾನಾದರೆ ತಿಳಿದವಳೂ ನಾನೇ. ನಾನು ಅದನ್ನು ಎಳೆದು ಎರಡನೇ ಸಾಲಿನ 'ಕೊಡು'ವಿಗೆ ಕಟ್ಟಿದ್ದೆ. ಅದಕ್ಕೇ ತಿಳಿದವನು ಹನುಮಂತ ಆಗಿಬಿಟ್ಟಿದ್ದ.

ಕಾವ್ಯದಲ್ಲಿ ಪದಗಳು ಹಿಂದೆ ಮುಂದೆ ಆಗುತ್ತವಲ್ಲ ಅಂತ ನನಗೂ ಅನುಮಾನ ಬಂತು. ಮೊದಲನೇ ದೋಹೆಗೆ ಹೋಗಿ ನೋಡಿದೆ. ಅಲ್ಲಿ 'ಸುಧಾರಿ', ಆಮೇಲೆ 'ಬರನೌಂ'. ಸುಧಾರಿ ನಮ್ಮ 'ಸುಧಾರಿಸಿಕೋ' ಅಲ್ಲ, ಮನಸ್ಸೆಂಬ ಕನ್ನಡಿಯನ್ನು 'ಸ್ವಚ್ಛ ಮಾಡಿ' ಅಂತ. ಬರನೌಂ ಅಂದರೆ 'ವರ್ಣಿಸುತ್ತೇನೆ', ಮತ್ತದೇ ಮೂಗಿನ ಬಾಲ. ಎರಡೂ ದೋಹೆಗಳಲ್ಲಿ ಒಂದೇ ಕಟ್ಟು: ಮೊದಲು ನಾನು ಒಂದು ಕೆಲಸ ಮಾಡಿ, ಆಮೇಲೆ ನಾನೇ ಇನ್ನೊಂದು ಮಾಡುತ್ತೇನೆ. ಅನುಮಾನ ಅಲ್ಲಿಗೆ ಹೋಯಿತು.

ಕೊಡು, ಕೊಡಿ

ಉಳಿದದ್ದು ದೇಹು, ಹರಹು. 'ಹು' ಬಾಲ 'ತುಮ್' ಅನ್ನುವವರಿಗೆ ಸೇರಿದ್ದು. ಅದೇ ರೂಪ 'ನೀನು ಕೊಡುತ್ತೀಯ' ಅಂತಲೂ ಆಗಬಹುದು. ಸಂದರ್ಭ ನೋಡಿಯೇ ತೀರ್ಮಾನಿಸಬೇಕು. ಇಲ್ಲಿ 'ನನಗೆ' ಅಂತ ಬೇಡುತ್ತಿರುವುದರಿಂದ ಅದು ಕೋರಿಕೆ: ಕೊಡು, ಕಳೆ. ವ್ಯಾಕರಣ ಹಿಡಿದು 'ಕೊಡಿ, ಕಳೆಯಿರಿ' ಅಂತ ಬರೆದು ನೋಡಿದೆ, ಬ್ಯಾಂಕಿಗೆ ಬರೆದ ಅರ್ಜಿಯಂತಿತ್ತು. ಕನ್ನಡದಲ್ಲಿ ದೇವರು ಏಕವಚನ. 'ಕಾಪಾಡಪ್ಪಾ' ಅನ್ನುವುದೇ ನಮ್ಮ ಸಲಿಗೆ.

ಹೆಸರುಪದಗಳಲ್ಲೂ ಎರಡು ಕಡೆ ಎಡವಿದೆ. 'ಬಿಕಾರ' ನಮ್ಮ ವಿಕಾರವೇ, ಆದರೆ ಕನ್ನಡದಲ್ಲಿ ವಿಕಾರ ಅಂದರೆ ಮೊದಲು ನೆನಪಾಗುವುದು ಕುರೂಪ. ಅದನ್ನು 'ಮನಸ್ಸಿನ ದೋಷ' ಮಾಡಿದೆ. 'ಬುದ್ಧಿಹೀನ'ದ ಜೊತೆ ಮೂಲದಲ್ಲಿ 'ತನು' ಇದೆ. ಪದ ಮೈ ಅಂತಿದ್ದರೂ ಹೇಳುತ್ತಿರುವುದು 'ನಾನು' ಅಂತಲೇ. 'ಬುದ್ಧಿಹೀನ ದೇಹ' ಅಂತ ಕನ್ನಡದಲ್ಲಿ ಯಾರೂ ತಮ್ಮ ಬಗ್ಗೆ ಹೇಳಿಕೊಳ್ಳುವುದಿಲ್ಲ. ತಿಳಿವಳಿಕೆ ಸಾಲದು ಅನ್ನುತ್ತೇವೆ.

ಕೊನೆಗೆ ನಿಂತದ್ದು ಇದು:

'ನನ್ನ ತಿಳಿವಳಿಕೆ ಸಾಲದೆಂದು ಅರಿತು ನಿನ್ನನ್ನು ನೆನೆಯುತ್ತೇನೆ, ಪವನಕುಮಾರ. ಬಲ, ಬುದ್ಧಿ, ವಿದ್ಯೆ ಕೊಡು. ನನ್ನ ಕ್ಲೇಶವನ್ನೂ ಮನಸ್ಸಿನ ದೋಷವನ್ನೂ ಕಳೆ.'

ಅಮ್ಮ ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹಾಗಾದ್ರೆ ನಾನೇ ತಿಳ್ಕೊಂಡಿರೋದು. ಸರಿಯಾಯ್ತು ಬಿಡು," ಅಂದಳು. ಪುಸ್ತಕ ತೆಗೆದು 'ಸುಮಿರೌ' ಪಕ್ಕದಲ್ಲಿ ಪೆನ್ನಿನಿಂದ ಒಂದು ಸೊನ್ನೆ ಇಟ್ಟಳು. ಆಮೇಲೆ ಗ್ಯಾಸ್ ನೋಡಲು ಎದ್ದಳು. "ಮರೆತ್ಯಾ?" ಅಂತ ನಾನು ಕೇಳಲಿಲ್ಲ.