ಹಗಲು ಕಾಜಾಣ, ಇರುಳು ಬಾವಲಿ: ಕಾಯಿಕೀಡಿಯ ಹಿಂದೆ ಬಿದ್ದವರು

ಸಂಜೆ ಆರೂವರೆ. ದೇವದುರ್ಗದ ಕಡೆಯ ಎರೆ ಹೊಲದಲ್ಲಿ ಕಡಲೆ ಹೂ ಬಿಟ್ಟಿದೆ. ಹೊಲದ ನಡುವೆ ನೆಟ್ಟ ಬಳ್ಳಾರಿ ಜಾಲಿಯ ಕವಲುಗೋಲಿನ ಮೇಲೆ ಕಾಜಾಣವೊಂದು ಕೂತಿದೆ. ಮೈಯೆಲ್ಲ ಕಪ್ಪು, ಬಾಲದ ತುದಿ ಎರಡಾಗಿ ಸೀಳಿದೆ. ತಟ್ಟನೆ ಕೆಳಗೆ ಎರಗಿ, ಗಿಡಗಳ ಮೇಲೆ ಒಂದು ಸುತ್ತು ಹಾಕಿ, ಮತ್ತೆ ಅದೇ ಗೋಲಿಗೆ ಬಂತು. ಕೊಕ್ಕಿನಲ್ಲಿ ಹಸಿರು ಹುಳು ಹೊರಳಾಡುತ್ತಿದೆ. ಗೋಲಿಗೆ ಎರಡು ಸಲ ಬಡಿದು ನುಂಗಿತು.

ಆ ಹುಳುವೇ ನಮ್ಮ ರೈತರು ಕಾಯಿಕೀಡಿ ಎನ್ನುವ ಹಸಿರು ಕಾಯಿಕೊರಕ. ಕಡಲೆ, ತೊಗರಿ, ಹತ್ತಿ ಯಾವುದನ್ನೂ ಬಿಡದು. ಮೊಟ್ಟೆ ಮೂರ್ನಾಲ್ಕು ದಿನಕ್ಕೆ ಒಡೆಯುತ್ತದೆ. ಮರಿಹುಳು ಮೊದಲು ಎಲೆ ಕೆರೆದು ತಿನ್ನುತ್ತದೆ. ಬಲಿತ ಮೇಲೆ ಕಾಯಿಗೆ ತೂತು ಕೊರೆದು ತಲೆಯನ್ನು ಒಳಗಿಟ್ಟು, ಮೈಯನ್ನು ಹೊರಗೆ ಬಿಟ್ಟುಕೊಂಡು ಕಾಳು ಮೇಯುತ್ತದೆ. ಹಕ್ಕಿಗೆ ಅದು ಸಿಗುವುದು ಹೀಗೆ ಹೊರಗೆ ಬಿಟ್ಟ ಮೈಯಿಂದಲೇ.

ಆದರೆ ಕಡಲೆ ಗಿಡ ಮೊಣಕಾಲೆತ್ತರವೂ ಇಲ್ಲ, ಹಕ್ಕಿ ಕೂರಲು ಅದರಲ್ಲಿ ತಾವಿಲ್ಲ. ಅದಕ್ಕೇ ಎಕರೆಗೆ ಇಪ್ಪತ್ತರಷ್ಟು ಕವಲುಗೋಲು ನೆಡಬೇಕೆಂಬ ಶಿಫಾರಸು ಇರುವುದು. ಗೋಲು ಬೆಳೆಗಿಂತ ಎರಡು ಅಡಿಯಾದರೂ ಮೇಲಿರಲಿ. ಕಡಲೆಯೊಳಗೆ ಅಲ್ಲಲ್ಲಿ ಅಕ್ಕಡಿಯಾಗಿ ಬಿತ್ತಿದ ಜೋಳದ ದಂಟೂ ಈ ಕೆಲಸ ಮಾಡುತ್ತದೆ. ಗೋಲು ಕೆಲಸಕ್ಕೆ ಬಂದಿದೆಯೇ ಎಂದು ತಿಳಿಯಲು ಅದರ ಬುಡ ನೋಡಿದರೆ ಸಾಕು. ಬಿಳಿ ಹಿಕ್ಕೆ ಬಿದ್ದಿದ್ದರೆ ಹಕ್ಕಿ ಬರುತ್ತಿದೆ. ಬುಡ ಸ್ವಚ್ಛವಾಗಿದ್ದರೆ ಗೋಲಿನ ಜಾಗ ಬದಲಿಸಬೇಕು. ಹುಳು ಕಾಣುವ ಮೊದಲೇ ನೆಟ್ಟಿದ್ದರೆ ಹಕ್ಕಿಗೆ ರೂಢಿಯಾಗಿರುತ್ತದೆ. ಜೋಳ, ಸೂರ್ಯಕಾಂತಿಯ ಹೊಲದಲ್ಲಿ ಮಾತ್ರ ಕಾಳು ಕಟ್ಟುವ ಹೊತ್ತಿಗೆ ಕಿತ್ತುಬಿಡಬೇಕು. ಇಲ್ಲವಾದರೆ ಗಿಳಿ, ಗುಬ್ಬಿಗಳು ಅದೇ ಗೋಲಿನ ಮೇಲೆ ಕೂತು ಕಾಳಿಗೆ ಬಾಯಿ ಹಾಕುತ್ತವೆ.

"ಹಗಲಿಗೆ ಹಕ್ಕಿ ಆತ್ರಿ, ರಾತ್ರಿ ಹಾರೋ ಪತಂಗಕ್ಕ ಏನ್ ಮಾಡೋಣು?" ಎಂದು ಹೊಲದ ಯಜಮಾನರು ಕೇಳಿದರು. ಸರಿಯಾದ ಪ್ರಶ್ನೆ. ಒಂದು ಹೆಣ್ಣು ಪತಂಗ ನೂರಾರು ಮೊಟ್ಟೆ ಇಡುತ್ತದೆ, ಅದೂ ಕತ್ತಲಾದ ಮೇಲೆ. ಮೊಟ್ಟೆ ಇಡುವ ಮೊದಲೇ ಅದು ಬಾವಲಿಯ ಬಾಯಿಗೆ ಬಿದ್ದರೆ ಅಷ್ಟೂ ಹುಳುಗಳು ಹುಟ್ಟುವುದೇ ಇಲ್ಲ.

ರಾಯಚೂರಿನಲ್ಲಿ ಆಮ್ ತಾಲಾಬ್ ಕೆರೆಯ ದಂಡೆಯಲ್ಲಿ ಮುಸ್ಸಂಜೆ ನಿಂತರೆ ಇದನ್ನು ಕಣ್ಣಾರೆ ನೋಡಬಹುದು. ಹಕ್ಕಿಗಳು ಗೂಡು ಸೇರುವ ಹೊತ್ತಿಗೆ ಅಂಗೈಯಗಲದ ಸಣ್ಣ ಬಾವಲಿಗಳು ನೀರಿನ ಮೇಲೆ ಅಡ್ಡಾದಿಡ್ಡಿ ಹಾರುತ್ತವೆ. ಬೀದಿ ದೀಪದ ಕೆಳಗೆ ಒಮ್ಮೆ ಮಿಂಚಿ ಮಾಯವಾಗುತ್ತವೆ. ಹಣ್ಣು ತಿನ್ನುವ ದೊಡ್ಡ ಬಾವಲಿ ಬೇರೆ, ಇವು ಬೇರೆ. ಇವುಗಳ ಊಟ ಹುಳಹುಪ್ಪಟೆಯೇ. ನಮ್ಮ ಕಿವಿಗೆ ಕೇಳದ ಸದ್ದು ಹೊರಡಿಸಿ, ಅದರ ಮರುದನಿಯಿಂದ ಪತಂಗ ಎಲ್ಲಿದೆ ಎಂದು ಹಿಡಿಯುತ್ತವೆ. ಹಸಿರು ಕಾಯಿಕೊರಕದ ಪತಂಗಕ್ಕೆ ಆ ಸದ್ದು ಕೇಳಿಸುತ್ತದೆ. ಕೇಳಿದೊಡನೆ ದಿಕ್ಕು ತಪ್ಪಿಸಿ ಹಾರುತ್ತದೆ, ಇಲ್ಲವೇ ರೆಕ್ಕೆ ಮಡಚಿ ನೆಲಕ್ಕೆ ಬೀಳುತ್ತದೆ.

ಅಮೆರಿಕದ ಟೆಕ್ಸಾಸ್‌ನ ಹತ್ತಿ ಸೀಮೆಯಲ್ಲಿ ಇದೇ ಕುಲದ ಕೀಟವನ್ನು ಬಾವಲಿಗಳು ತಿನ್ನುವುದರಿಂದ ರೈತರಿಗೆ ವರ್ಷಕ್ಕೆ ಸುಮಾರು 7.4 ಲಕ್ಷ ಡಾಲರ್ ಉಳಿಯುತ್ತದೆ ಎಂದು 2006ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದ್ದರು. ಸ್ಪೇನಿನ ಎಬ್ರೊ ನದಿಮುಖದ ಭತ್ತದ ಸೀಮೆಯಲ್ಲಿ ಗದ್ದೆಗಳ ಬಳಿ ಬಾವಲಿಗೆ ಮರದ ಪೆಟ್ಟಿಗೆ ತೂಗುಹಾಕಿದ್ದರಿಂದ ಕಾಂಡಕೊರಕದ ಹಾವಳಿ ಇಳಿಯಿತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಭತ್ತ ಬೆಳೆಯುವ ಮಾನ್ವಿಯವರು ಇದನ್ನು ಗಮನಿಸಬೇಕು. ಅಲ್ಲಿಯೂ ಕಾಂಡಕೊರಕದ ಪತಂಗ ಹಾರುವುದು ಇರುಳಿನಲ್ಲೇ. ಪೆಟ್ಟಿಗೆ ಮಾಡುವುದಕ್ಕಿಂತ ಮೊದಲು ಹಾಳು ಬಾವಿ, ಪಾಳು ಗುಡಿ, ಪೊಟರೆಯಿರುವ ಹಳೇ ಮರಗಳಲ್ಲಿ ಈಗಾಗಲೇ ಇರುವ ಬಾವಲಿಗಳನ್ನು ಹೊಗೆ ಹಾಕಿ ಓಡಿಸದಿರುವುದು ಮುಖ್ಯ ಎಂದು ನನಗನ್ನಿಸುತ್ತದೆ. ಹಾಗೆಂದು ಅವುಗಳನ್ನು ಕೈಯಲ್ಲಿ ಹಿಡಿಯಲು ಹೋಗಬಾರದು.

ಇವುಗಳಿಂದ ಆಗದ ಕೆಲಸವೂ ಇದೆ. ಮೆಣಸಿನಕಾಯಿಯ ನುಸಿ ಹಕ್ಕಿಯ ಕೊಕ್ಕಿಗೆ ಸಿಗದಷ್ಟು ಸಣ್ಣದು. ಹತ್ತಿಯ ಗುಲಾಬಿ ಕಾಯಿಕೊರಕ ಮೊಟ್ಟೆಯೊಡೆದ ಕೂಡಲೇ ಮೊಗ್ಗು, ಕಾಯಿಯೊಳಗೆ ಸೇರಿಕೊಳ್ಳುತ್ತದೆ. ಗೋಲು ಎಷ್ಟು ನೆಟ್ಟರೂ ಕಾಜಾಣಕ್ಕೆ ಅದು ಕಾಣುವುದೇ ಇಲ್ಲ. ಅದಕ್ಕೆ ಮೋಹಕ ಬಲೆ ಕಟ್ಟಿ ದಿನವೂ ಪತಂಗ ಎಣಿಸಬೇಕು. ಒಂದು ಬಲೆಗೆ ರಾತ್ರಿಗೆ ಎಂಟರಂತೆ ಸತತ ಮೂರು ರಾತ್ರಿ ಬಿದ್ದರೆ ಎಣ್ಣೆ ಹೊಡೆಯುವ ಹೊತ್ತು ಬಂದಿದೆ ಎಂದರ್ಥ. ಅಷ್ಟು ಬೀಳದೆಯೇ ಹೊಡೆದರೆ ಹಕ್ಕಿ, ಬಾವಲಿಗಳಿಗೆ ಮೇವಾಗುವ ಹುಳುಗಳೆಲ್ಲ ಒಮ್ಮೆಗೇ ಸಾಯುತ್ತವೆ, ಅವು ಬೇರೆ ಹೊಲ ಹುಡುಕಿಕೊಂಡು ಹೋಗುತ್ತವೆ. ವಿಷ ತಗುಲಿದ ಹುಳುವನ್ನು ತಿಂದ ಹಕ್ಕಿಗೂ ಅಪಾಯ.

ಕಟಾವು ಮುಗಿದ ಮೇಲೆ ಮಾಗಿ ಉಳುಮೆಯ ಟ್ರ್ಯಾಕ್ಟರ್ ಹಿಂದೆ ಬೆಳ್ಳಕ್ಕಿ, ಗೊರವಂಕಗಳ ಸಾಲು ಕಾಣುತ್ತದಲ್ಲ, ಅವು ಹೆಕ್ಕುವುದು ಮಣ್ಣೊಳಗೆ ಅಡಗಿದ್ದ ಕಾಯಿಕೀಡಿಯ ಕೋಶಗಳನ್ನೂ ಹೌದು. ಬಿಸಿಲೇರುವ ಮೊದಲೇ ನೇಗಿಲು ಹೂಡಿದರೆ ಅವು ಹೆಚ್ಚು ಹೊತ್ತು ಹೊಲದಲ್ಲಿ ಇರುತ್ತವೆ.