ಅಳತೆ ಇರುವ ಮಾತಿಗೇ ಹೂಡಿಕೆ

"ಕೃಷಿಯನ್ನೇ ಬದಲಿಸುವ ಕ್ರಾಂತಿಕಾರಿ ಸಾಧನ! ನೀರಿನ ಬಳಕೆ ಅರ್ಧಕ್ಕರ್ಧ ಇಳಿಕೆ. ನಮಗೆ ಪೈಪೋಟಿಯೇ ಇಲ್ಲ." ಮಣ್ಣಿನ ತೇವ ಅಳೆದು ಹನಿ ನೀರಾವರಿಯ ಪಂಪನ್ನು ನಡೆಸುವ ಉಪಕರಣಕ್ಕೆ ಹೊಸ ಕಂಪನಿಯೊಂದು ಹೀಗೆ ಬರೆದಿದೆ ಎಂದುಕೊಳ್ಳಿ. ಹೂಡಿಕೆದಾರರು ಮೊದಲು ಕೇಳುವುದು, ಎಷ್ಟು ತೋಟಗಳಲ್ಲಿ, ಯಾವುದಕ್ಕೆ ಹೋಲಿಸಿ ಎಂದು.

ಕಂಪನಿಯ ಕೈಯಲ್ಲಿರುವುದು 12 ದಾಳಿಂಬೆ ತೋಟಗಳ ಒಂದು ಬೇಸಿಗೆಯ ಲೆಕ್ಕ. ಅರ್ಧದಷ್ಟು ಇಳಿಕೆ ಕಂಡದ್ದು ಒಂದೇ ತೋಟದಲ್ಲಿ. ಹಾಗಾದರೆ ಹೀಗೆ ಬರೆಯಬೇಕು: "12 ದಾಳಿಂಬೆ ತೋಟಗಳಲ್ಲಿ ಒಂದು ಬೇಸಿಗೆ ಪರೀಕ್ಷಿಸಿದ್ದೇವೆ. ರೈತರೇ ಪಂಪು ನಡೆಸಿದ ಪಕ್ಕದ ಸಾಲುಗಳಿಗಿಂತ 11 ತೋಟಗಳಲ್ಲಿ ಶೇ. 15ರಿಂದ 25ರಷ್ಟು, ಒಂದರಲ್ಲಿ ಶೇ. 50ರಷ್ಟು ಕಡಿಮೆ ನೀರು ಸಾಕಾಯಿತು. ಬೇರೆ ಬೆಳೆಗಳಲ್ಲಿ ಇನ್ನೂ ಪರೀಕ್ಷಿಸಿಲ್ಲ. 4 ರೈತರು ಹಣ ಕೊಟ್ಟು ಕೊಂಡಿದ್ದಾರೆ."

ನನ್ನ ದೃಷ್ಟಿಯಲ್ಲಿ ಆ ಕೊನೆಯ ವಾಕ್ಯಕ್ಕೇ ಹೆಚ್ಚು ತೂಕ. ಪೈಪೋಟಿಯೂ ಇದೆ: ಅಗ್ಗದ ಟೈಮರ್, ರೈತನ ರೂಢಿ. ಎಲ್ಲ ವಾಕ್ಯಕ್ಕೂ 'ಬಹುದು' ಅಂಟಿಸುವುದು ಎಚ್ಚರಿಕೆಯಲ್ಲ. ಅಳೆದದ್ದನ್ನು ಖಚಿತವಾಗಿಯೇ ಹೇಳಬೇಕು.

ಅಮೆರಿಕದ ಥೆರಾನೋಸ್ 2014ರಲ್ಲಿ 10 ಕೋಟಿ ಡಾಲರಿಗೂ ಮಿಕ್ಕಿದ ಆದಾಯ ಬರಲಿದೆ ಎಂದು ಹೇಳಿಕೊಂಡಿತ್ತು. ನಿಜವಾಗಿ ಬಂದದ್ದು 1 ಲಕ್ಷ ಡಾಲರಿಗಿಂತ ತುಸು ಹೆಚ್ಚು ಎಂದು ಅಲ್ಲಿನ ಷೇರು ನಿಯಂತ್ರಣ ಆಯೋಗ 2018ರಲ್ಲಿ ಆರೋಪಿಸಿತು.